ಲಿವರ್‌ನಾಗಿನ ಕೀವು ತಗದಾರ, ಜ್ವರಾನೂ ಇಳದೇತಿ. ಮತ್ತ ಈ ಎರಡನೇ ಗುಳಿಗಿ ಯಾಕ್ರೀ?

ಘಟಪ್ರಭಾ ದಂಡಿ (ಮುಧೋಳ ತಾಲೂಕು)

ಎಲ್ಲಾರಿಗೂ ನಮಸ್ಕಾರ್ರೀ. ನಮ್ಮ ಅಣ್ಣನ ಸಲುವಾಗಿ ಕೇಳಾಕತ್ತೀನಿ. ಅವಗ 36 ವರ್ಷ, ಕಬ್ಬಿನ ಹಂಗಾಮಿನ್ಯಾಗ ಟ್ರ್ಯಾಕ್ಟರ್ ಹೊಡೀತಾನ. ಹೋದ ತಿಂಗಳ ಜ್ವರ ಹಿಡೀತು. ಸಂಜೀಕ ಥಂಡಿ ಹತ್ತಿ ಬರೂದು, ರಾತ್ರಿ ಬೆವತು ಅಂಗಿ ತೊಯ್ಯೂದು. ಬಲಗಡೆ ಪಕ್ಕೆಲಬಿನ ಕೆಳಗ ನೋವು, ಅದು ಬಲ ಹೆಗಲಿಗೂ ಹೊಡೀತಿತ್ತು, ಕೆಮ್ಮಿದ್ರ ಜೀವ ಹೋದಂಗ ಆಗ್ತಿತ್ತು. ಊರಾಗ ರಕ್ತ ತಗದು ವೈಡಾಲ್ ಮಾಡಿ ಟೈಫಾಯ್ಡ್ ಅಂದ್ರು. ಐದು ದಿನ ಇಂಜೆಕ್ಷನ್ ಆದ್ರೂ ಜ್ವರ ಇಳೀಲಿಲ್ಲ.

12ನೇ ದಿನ ಬಾಗಲಕೋಟಿಗೆ ಕರ್ಕೊಂಡು ಹೋದ್ವಿ. ಸೋನೋಗ್ರಾಫಿಯೊಳಗ ಲಿವರ್‌ನ ಬಲಭಾಗದಾಗ 7 ಸೆಂಟಿಮೀಟರ್ ಅಗಲದ್ದು ಒಂದ ಕೀವಿನ ಗೂಡು ಕಾಣಿಸ್ತು. ಬಿಳಿ ರಕ್ತಕಣ 17,800 ಇದ್ದುವು. ಸಂಡಾಸ ಪರೀಕ್ಷೆ ಎರಡು ಸಲ ಮಾಡಿದ್ರು, ಎರಡೂ ಸಲ 'ಏನೂ ಇಲ್ಲ' ಅಂತ ಬಂತು. ಸೂಜಿ ಹಾಕಿ 120 ಮಿಲಿ ಕೀವು ತಗದ್ರು. ಕೀವು ಅಂದ್ರ ಹಳದಿ ಅಲ್ಲರೀ, ಚಾಕೊಲೇಟ್ ಕರಗಿಸಿದಂಗ ಇತ್ತು, ನಾತಾನೂ ಇರಲಿಲ್ಲ. ಅಮೀಬಾದಿಂದ ಆಗಿದ್ದು ಅಂದ್ರು. ಮೆಟ್ರೊನಿಡಜೋಲ್ ಸಲಾಯಿನ್, ಆಮ್ಯಾಲೆ ಅದ ಗುಳಿಗಿ, ಕೂಡಿ 10 ದಿನ. ನಾಲ್ಕನೇ ದಿನಕ್ಕ ಜ್ವರ ನಿಂತು ಊಟ ಸೇರಾಕ ಹತ್ತಿತು.

ಮನಿಗೆ ಬಿಡುವಾಗ ಡೈಲಾಕ್ಸನೈಡ್ ಅನ್ನೂ ಗುಳಿಗಿ ಬರದಾರ, 500 ಮಿಲಿಗ್ರಾಂ, ದಿನಕ್ಕ ಮೂರು, 10 ದಿನ. ಅದು ನಮ್ಮ ಕಡೆ ಅಂಗಡ್ಯಾಗ ಸಿಗಲಿಲ್ಲ. ಅಣ್ಣ ಅಂತಾನ, "ಸಂಡಾಸದಾಗ ಏನೂ ಇಲ್ಲಂತ ಎರಡು ಸಲ ಬಂದೇತಿ, ಕೀವು ತಗದಾರ, ಜ್ವರ ಇಲ್ಲ, ಇನ್ನ್ಯಾಕ ಗುಳಿಗಿ?" ಹಂಗ ಹತ್ತು ದಿನ ಕಳೀತು. ನಿನ್ನೆ ಮತ್ತ ಸೋನೋಗ್ರಾಫಿ ಮಾಡಿಸಿದ್ರ ಅಲ್ಲಿ ಇನ್ನೂ 4.5 ಸೆಂಟಿಮೀಟರ್ ಐತಿ ಅಂತ ಬರದಾರ. ಅವ್ವ ಅಳಾಕತ್ಯಾಳ. ಮೊದಲಿನ ಗುಳಿಗಿ ಮತ್ತ ಸುರು ಮಾಡಬೇಕೋ? ಈ ಎರಡನೇದು ಬೇಕೋ ಬ್ಯಾಡೋ? ತಿಳದವರು ಹೇಳ್ರೀ.

ಮೆಡಿಕಲ್ ಶಾಪ್ 22 ವರ್ಷ (ಜಮಖಂಡಿ)

ತಮ್ಮಾ, ಗಾಬರಿ ಆಗಬ್ಯಾಡ. ಅಮೀಬಾಕ್ಕ ಮೆಟ್ರೊನಿಡಜೋಲ್‌ಗಿಂತ ಛಲೋ ಔಷಧ ಇಲ್ಲ, ಅದು ರಕ್ತದಾಗ ಕೂಡಿ ಲಿವರ್ ತನಕ ಹೋಗಿ ಕೊಲ್ತೈತಿ. ನಿಮ್ಮ ಅಣ್ಣಗ ಅದ ಕೆಲಸ ಮಾಡೇತಿ. ಡೈಲಾಕ್ಸನೈಡ್ ಒಂದನ್ನ ಕೇಳೂ ಗಿರಾಕಿ ನನಗ ವರ್ಷಕ್ಕ ಒಬ್ಬರೋ ಇಬ್ಬರೋ, ಅದಕ್ಕ ನಾವು ಇಡೂದಿಲ್ಲ. ಸಂಡಾಸ ಶುದ್ಧ ಬಂದ ಮ್ಯಾಲೆ ಅದು ಬೇಕಂತ ನನಗ ಅನಿಸೂದಿಲ್ಲ. 4.5 ಇನ್ನೂ ಐತಿ ಅಂದ್ರ ಮೆಟ್ರೊನಿಡಜೋಲ್ ಇನ್ನ ಹತ್ತು ದಿನ ಕೊಡಸ್ರಿ.

ಅಥಣಿ ಅಕ್ಕ

ನಮ್ಮ ಮೈದುನಗೂ ಲಿವರ್ ತ್ರಾಸ ಇತ್ತು, ಕಣ್ಣು, ಮೂತ್ರ ಎಲ್ಲಾ ಹಳದಿ. ಒಬ್ಬರು ಸೊಪ್ಪಿನ ರಸ ಕೊಡ್ತಾರ, ಮೂರು ದಿನ ಖಾಲಿ ಹೊಟ್ಟೀಲೆ ಕುಡದು ಉಪ್ಪು, ಎಣ್ಣಿ ಬಿಡಬೇಕು. ಅವ ಆರಾಮ ಆದ. ವಿಳಾಸ ಬೇಕಂದ್ರ ಹೇಳ್ತೀನಿ. ಲಿವರ್‌ಗೆ ಇಂಗ್ಲಿಷ್ ಗುಳಿಗಿ ಭಾಳ ಉಷ್ಣರೀ.

ವಿಜಯಪುರ ವೈದ್ಯ

ಅಕ್ಕಾ, ನಿಮ್ಮ ಮೈದುನರಿಗೆ ಬಂದಿದ್ದು ಕಾಮಾಲೆ. ಇದು ಬೇರೆ ಕಾಯಿಲೆ. ಲಿವರ್‌ನಲ್ಲಿ ಅಮೀಬಾ ಕೀವು ಕಟ್ಟಿದವರಲ್ಲಿ ಬಹಳ ಜನರಿಗೆ ಕಣ್ಣು ಹಳದಿ ಆಗುವುದೇ ಇಲ್ಲ. ಇಲ್ಲಿ ಸೊಪ್ಪಿನ ರಸ ಕುಡಿದು ದಿನ ಕಳೆದರೆ ಕೀವಿನ ಗೂಡು ಒಡೆದು ಎದೆಗೋ ಹೊಟ್ಟೆಗೋ ಹರಿಯಬಹುದು. ದಯವಿಟ್ಟು ವಿಳಾಸ ಕೊಡಬೇಡಿ.

ಘಟಪ್ರಭಾ ದಂಡಿಯವರೇ, ಮೊದಲು ಎರಡನೇ ಗುಳಿಗೆಯ ಮಾತು. ನಿಮ್ಮ ಅಣ್ಣನ ಲಿವರ್‌ಗೆ ಅಮೀಬಾ ಹೋಗಿದ್ದು ಕರುಳಿನಿಂದ. ಕಲುಷಿತ ನೀರಿನಲ್ಲೋ ಊಟದಲ್ಲೋ ಅದರ ಗಟ್ಟಿ ಕವಚದ ಮೊಟ್ಟೆಯಂಥ ರೂಪ ಒಳಗೆ ಹೋಗುತ್ತದೆ, ಅದಕ್ಕೆ ಸಿಸ್ಟ್ ಎನ್ನುತ್ತೇವೆ. ಕರುಳಿನಲ್ಲಿ ಅದು ಒಡೆದು ಓಡಾಡುವ ಅಮೀಬಾ ಹೊರಬರುತ್ತದೆ, ದೊಡ್ಡ ಕರುಳಿನಲ್ಲಿ ನೆಲೆ ನಿಲ್ಲುತ್ತದೆ. ಕೆಲವರಲ್ಲಿ ಅದು ಕರುಳಿನ ಗೋಡೆ ಕೊರೆದು ರಕ್ತಭೇದಿ ಮಾಡುತ್ತದೆ. ಕೆಲವರಲ್ಲಿ ಸದ್ದಿಲ್ಲದೆ ರಕ್ತನಾಳ ಸೇರಿ ಲಿವರ್‌ಗೆ ಹೋಗುತ್ತದೆ. ಲಿವರ್‌ನಲ್ಲಿ ಕೀವು ಆಗುವ ಹೊತ್ತಿಗೆ ಹೆಚ್ಚಿನವರಿಗೆ ಭೇದಿ ಇರುವುದೇ ಇಲ್ಲ.

ಮೆಟ್ರೊನಿಡಜೋಲ್ ನುಂಗಿದರೆ ಹೆಚ್ಚುಕಡಿಮೆ ಪೂರ್ತಿಯಾಗಿ ಸಣ್ಣ ಕರುಳಿನಲ್ಲೇ ಹೀರಿಹೋಗಿ ರಕ್ತಕ್ಕೆ ಸೇರುತ್ತದೆ. ಅದಕ್ಕೇ ಲಿವರ್‌ನಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಅದೇ ಕಾರಣಕ್ಕೆ ದೊಡ್ಡ ಕರುಳಿನ ಒಳಗಡೆ, ಮಲದ ಜೊತೆ ಇರುವ ಅಮೀಬಾಕ್ಕೆ ಸಾಕಷ್ಟು ಸಿಗುವುದಿಲ್ಲ. ಸಿಸ್ಟ್ ಮೇಲಂತೂ ಅದರ ಪ್ರಭಾವ ಕಡಿಮೆ. ಈ ಗುಂಪಿನ ಔಷಧ ಮಾತ್ರ ತೆಗೆದುಕೊಂಡವರಲ್ಲಿ ನೂರಕ್ಕೆ 40ರಿಂದ 60 ಜನರ ಕರುಳಿನಲ್ಲಿ ಅಮೀಬಾ ಉಳಿದೇ ಇರುತ್ತದೆ. ಡೈಲಾಕ್ಸನೈಡ್ ಬೇಕಾಗುವುದು ಅದಕ್ಕೆ. ಅದು ಕರುಳಿನೊಳಗೇ ಕೆಲಸ ಮಾಡುವ ಔಷಧ, ಲಿವರ್‌ನ ಕೀವಿಗೆ ಅದರಿಂದ ಉಪಯೋಗವಿಲ್ಲ. ಒಂದು ಲಿವರ್‌ಗೆ, ಒಂದು ಕರುಳಿಗೆ. ಎರಡೂ ಆದರೆ ಮಾತ್ರ ಚಿಕಿತ್ಸೆ ಮುಗಿದಂತೆ. ಹತ್ತು ದಿನ ತಡವಾಗಿದ್ದರೂ ಈಗ ಶುರು ಮಾಡಬಹುದು, ಬರೆದುಕೊಟ್ಟ ವೈದ್ಯರಿಗೆ ಒಂದು ಮಾತು ಹೇಳಿ.

ಘಟಪ್ರಭಾ ದಂಡಿ

ಡಾಕ್ಟರ್ ಸಾಹೇಬ್ರ, ಹಂಗಾದ್ರ ಸಂಡಾಸ ಪರೀಕ್ಷೆದಾಗ ಯಾಕ ಕಾಣಲಿಲ್ಲರೀ? ಎರಡು ಸಲ ಮಾಡ್ಯಾರ. ಅಣ್ಣ ಅದನ್ನ ಹಿಡಕೊಂಡು ಕುಂತಾನ.

ಸೂಕ್ಷ್ಮದರ್ಶಕ (ನಿವೃತ್ತ ಲ್ಯಾಬ್ ಟೆಕ್ನಿಶಿಯನ್, ಬೆಳಗಾವಿ)

ಇದಕ್ಕೆ ನಾನು ಹೇಳ್ತೀನಿ. ಮೂವತ್ತು ವರ್ಷ ಈ ಕೆಲಸವನ್ನೇ ಮಾಡಿದೀನಿ.

ಮೊದಲನೇದು, ಸ್ಯಾಂಪಲ್ ಯಾವಾಗ ಕೊಟ್ರಿ, ಎಷ್ಟು ಹೊತ್ತಿಗೆ ನೋಡಿದ್ರು? ಓಡಾಡುವ ಅಮೀಬಾ ಹೊರಗೆ ಬಂದ ಮೇಲೆ ಬಹಳ ಹೊತ್ತು ಬದುಕೋದಿಲ್ಲ. ತೆಳುವಾದ ಭೇದಿ ಆದರೆ ಅರ್ಧ ತಾಸಿನೊಳಗೆ ಸ್ಲೈಡ್ ಮೇಲೆ ಇರಬೇಕು. ನಮ್ಮ ಕಡೆ ಏನಾಗುತ್ತೆ ಅಂದರೆ, ಬೆಳಿಗ್ಗೆ ಆರಕ್ಕೆ ಡಬ್ಬಿಯಲ್ಲಿ ಹಿಡಿದು, ಬಸ್ ಹತ್ತಿ, ಹತ್ತು ಗಂಟೆಗೆ ಕೌಂಟರ್‌ನಲ್ಲಿ ಇಡ್ತಾರೆ, ನೋಡೋ ಹೊತ್ತಿಗೆ ಹನ್ನೊಂದೂವರೆ. ಅಷ್ಟರಲ್ಲಿ ಅದು ಸತ್ತು, ದುಂಡಗಾಗಿ, ಕೀವಿನ ಕಣದ ಹಾಗೆ ಕಾಣ್ತದೆ. ಸಿಸ್ಟ್ ಗಟ್ಟಿ, ಅದು ಉಳಿಯುತ್ತೆ, ಆದರೆ ಎಲ್ಲಾ ದಿನ ಬೀಳೋದಿಲ್ಲ. ಅದಕ್ಕೇ ಬೇರೆ ಬೇರೆ ದಿನ ಮೂರು ಸ್ಯಾಂಪಲ್ ಕೇಳೋದು.

ಎರಡನೇದು, ನಿಮ್ಮ ಅಣ್ಣನ ಎರಡನೇ ಸ್ಯಾಂಪಲ್ ಮೆಟ್ರೊನಿಡಜೋಲ್ ಶುರುವಾದ ಮೇಲೆ ಕೊಟ್ಟದ್ದಾಗಿದ್ರೆ ಅದರ ಮೇಲೆ ಇನ್ನೂ ಕಡಿಮೆ ಭರವಸೆ. ಲಿವರ್ ಕೀವಿನ ರೋಗಿಗಳಲ್ಲಿ ಮಲದಲ್ಲಿ ಅಮೀಬಾ ಕಂಡದ್ದು ನನ್ನ ಟೇಬಲ್ ಮೇಲೆ ಐದಕ್ಕೆ ಒಂದೂ ಇರಲಿಲ್ಲ. ಹಾಗಾಗಿ 'ಏನೂ ಕಾಣಲಿಲ್ಲ' ಅಂತ ನಾನು ಬರೆದರೆ, ನನ್ನ ಸ್ಲೈಡ್ ಮೇಲೆ ಕಾಣಲಿಲ್ಲ ಅಂತ ಮಾತ್ರ ತಿಳ್ಕೋಬೇಕು.

ಆ ಚಾಕೊಲೇಟ್ ಕೀವಿನಲ್ಲೂ ಅಮೀಬಾ ಸಿಗೋದು ಅಪರೂಪ. ಅದು ಕರಗಿದ ಲಿವರ್ ಮಾಂಸ. ಜೀವ ಇರುವ ಅಮೀಬಾ ಗೂಡಿನ ಗೋಡೆಗೆ ಅಂಟಿಕೊಂಡಿರುತ್ತೆ, ಸೂಜಿಗೆ ಬರೋದು ನಡುವಿನದು.

ಘಟಪ್ರಭಾ ದಂಡಿ

ನೀವು ಹೇಳಿದಂಗ ಆಗೇತ್ರೀ. ಮೊದಲ ಸ್ಯಾಂಪಲ್ ಊರಿಂದ ಒಯ್ದಿದ್ವಿ, ಎರಡೂವರೆ ತಾಸು. ಎರಡನೇದು ಸಲಾಯಿನ್ ಹಚ್ಚಿದ ಮರದಿನ.

ಇನ್ನೊಂದು ರಿಪೋರ್ಟ್ ಹೇಳೂದು ಮರತಿದ್ದೆ. ರಕ್ತದ್ದು, ಅಮೀಬಾ ಐಜಿಜಿ ಅಂತ, ಹೊರಗ ಕಳಿಸಿದ್ರು. ಮನಿಗೆ ಬಂದ ಮ್ಯಾಲೆ ರಿಪೋರ್ಟ್ ಬಂತು, ಪಾಸಿಟಿವ್. ಗುಣ ಆಗೇತೋ ಇಲ್ಲೋ ನೋಡಾಕ ಅದನ್ನ ಮತ್ತ ಮಾಡಿಸಬೇಕೇನ್ರೀ? 1,000 ರೂಪಾಯಿ ಮ್ಯಾಲ ಹೋಗಿತ್ತು.

ಸೂಕ್ಷ್ಮದರ್ಶಕ

ಬೇಡ. ಆ ದುಡ್ಡಿಗೆ ಗುಳಿಗೆ ತಗೊಳ್ಳಿ. ಐಜಿಜಿ ಅಂದರೆ ಅಮೀಬಾ ವಿರುದ್ಧ ದೇಹ ಮಾಡ್ಕೊಂಡ ಪ್ರತಿಕಾಯ. ಅಮೀಬಾ ಸತ್ತರೂ ಅದು ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತೆ. ಆರು ತಿಂಗಳ ನಂತರ ಮಾಡಿಸಿದ್ರೂ ಪಾಸಿಟಿವ್ ಬರುತ್ತೆ, ನೀವು ಮತ್ತೆ ಗಾಬರಿ ಆಗ್ತೀರಿ. ಮೊದಲನೇ ವಾರದಲ್ಲಿ ಮಾಡಿದ್ರೆ ಕಾಯಿಲೆ ಇದ್ದೂ ನೆಗೆಟಿವ್ ಬರಬಹುದು. ನಿಮ್ಮ ಅಣ್ಣಂದು 12 ದಿನ ದಾಟಿತ್ತು, ಸೋನೋಗ್ರಾಫಿಯಲ್ಲಿ ಗೂಡಿತ್ತು, ಕೀವಿನ ಬಣ್ಣ ಹಾಗಿತ್ತು. ಎಲ್ಲಾ ಕೂಡಿದಾಗ ಆ ಪಾಸಿಟಿವ್‌ಗೆ ಬೆಲೆ ಬಂತು. ಬರೀ ರಕ್ತದ ರಿಪೋರ್ಟ್ ಹಿಡಿದು ಹೇಳೋಕೆ ಆಗ್ತಿರಲಿಲ್ಲ. ಯಾಕೆಂದರೆ ನಮ್ಮಂಥ ಊರುಗಳಲ್ಲಿ ಎಂದೋ ಬಂದು ಹೋದ ಸೋಂಕಿಗೂ ಅದು ಪಾಸಿಟಿವ್ ಇರುತ್ತೆ.

ಖಾನಾಪುರದ ಸೊಸೆ

ನನ್ನ ಮನೆಯಲ್ಲಿ ಇದೇ ಆಗಿದೆ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಯಜಮಾನರಿಗೆ 41 ವರ್ಷವಿದ್ದಾಗ ಲಿವರ್‌ನಲ್ಲಿ ಕೀವು ಆಯಿತು. ಮೆಟ್ರೊನಿಡಜೋಲ್ ಕೊಟ್ಟರು, ಒಂದು ವಾರದಲ್ಲಿ ಎದ್ದು ಓಡಾಡಿದರು. ಎರಡನೇ ಔಷಧ ಅಂತ ಯಾರೂ ಹೇಳಲಿಲ್ಲ, ಚೀಟಿಯಲ್ಲೂ ಇರಲಿಲ್ಲ. ಎಂಟು ತಿಂಗಳಾದ ಮೇಲೆ ಮತ್ತೆ ಅದೇ ಜ್ವರ, ಅದೇ ಹೆಗಲು ನೋವು. ನಾವು ಅದನ್ನು ಹೊಲದ ಕೆಲಸದ ನೋವು ಅಂದುಕೊಂಡು ಎಣ್ಣೆ ಹಚ್ಚಿ ತಿಕ್ಕಿದೆವು. ಹಾಗೆ ಒಂಬತ್ತು ದಿನ ಕಳೆದೆವು. ಈ ಸಲ ಗೂಡು ಎಡಭಾಗದಲ್ಲಿತ್ತು, ಹೃದಯದ ಚೀಲದ ಹತ್ತಿರ. ರಾತ್ರೋರಾತ್ರಿ ಬೆಳಗಾವಿಗೆ ಕರೆದುಕೊಂಡು ಬಂದು ನಳಿಕೆ ಹಾಕಿಸಿದೆವು. ಎರಡನೇ ಸಲದ ವೈದ್ಯರು ಹಳೇ ಚೀಟಿ ನೋಡಿ, "ಕರುಳಿನ ಔಷಧ ಕೊಟ್ಟೇ ಇಲ್ಲವಲ್ಲ" ಅಂದರು.

ಅದರಿಂದಲೇ ಮರಳಿ ಬಂತೋ, ಹೊಸದಾಗಿ ನೀರಿನಿಂದ ಬಂತೋ, ಯಾರೂ ಖಚಿತವಾಗಿ ಹೇಳಲಿಲ್ಲ. ಆದರೆ ಮೂವತ್ತು ಗುಳಿಗೆಯ ಮಾತಾಗಿತ್ತು. ನಿಮ್ಮ ಅಣ್ಣನಿಗೆ ಇದನ್ನು ಓದಿ ಹೇಳಿ, ತಮ್ಮಾ.

ಮೆಡಿಕಲ್ ಶಾಪ್ 22 ವರ್ಷ

ಅಕ್ಕಾರ, ಓದಿ ಮನಸ್ಸಿಗೆ ಭಾಳ ಕೆಟ್ಟ ಅನಿಸ್ತು. ಡಾಕ್ಟರ್ ಹೇಳಿದ್ದು ತಿಳೀತು, ಸಂಡಾಸದ ರಿಪೋರ್ಟ್ ನಂಬಿ ನಾ ಬ್ಯಾಡ ಅಂದಿದ್ದು ತಪ್ಪು. ಒಂದು ಮಾತು ಕೇಳ್ತೀನ್ರಿ: ಮೆಟ್ರೊನಿಡಜೋಲ್, ಡೈಲಾಕ್ಸನೈಡ್ ಎರಡೂ ಕೂಡಿದ ಗುಳಿಗಿ ನಮ್ಮ ಅಂಗಡ್ಯಾಗ ಯಾವಾಗಲೂ ಇರ್ತಾವು. ಅವನ್ನ ಐದು ದಿನ ಕೊಟ್ರ ಎರಡೂ ಮುಗೀತಲ್ಲ?

ವಿಜಯಪುರ ವೈದ್ಯ

ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಇದು ಎಲ್ಲ ಕಡೆ ನಡೆಯುತ್ತಿದೆ. ಆ ಪಟ್ಟಿಯ ಹಿಂದೆ ನೋಡಿ, ಸಾಮಾನ್ಯವಾಗಿ ಒಂದು ಗುಳಿಗೆಯಲ್ಲಿ ಮೆಟ್ರೊನಿಡಜೋಲ್ 400, ಡೈಲಾಕ್ಸನೈಡ್ 500 ಇರುತ್ತದೆ. ದಿನಕ್ಕೆ ಮೂರರಂತೆ ಐದು ದಿನ ಎಂದರೆ ಡೈಲಾಕ್ಸನೈಡ್ ಅರ್ಧ ಕೋರ್ಸ್ ಮಾತ್ರ ಆಯಿತು. ಲಿವರ್ ಕೀವಿಗೆ ಮೆಟ್ರೊನಿಡಜೋಲ್ ಸುಮಾರು 750ರಿಂದ 800 ಮಿಲಿಗ್ರಾಂ ದಿನಕ್ಕೆ ಮೂರು ಸಲ ಬೇಕು, ಅದೂ ಅರ್ಧ ಆಯಿತು. ಎರಡೂ ಔಷಧ ಹೊಟ್ಟೆಗೆ ಹೋದ ಹಾಗೆ ಅನಿಸುತ್ತದೆ, ಯಾವುದೂ ಪೂರ್ತಿ ಆಗಿರುವುದಿಲ್ಲ. ಈ ಹುಡುಗನ ಅಣ್ಣನಿಗಂತೂ ಮೆಟ್ರೊನಿಡಜೋಲ್ ಮುಗಿದಿದೆ. ಈಗ ಕೂಡಿಸಿದ ಗುಳಿಗೆ ಕೊಟ್ಟರೆ ಬೇಡದ್ದನ್ನು ಮತ್ತೆ ಕೊಟ್ಟಂತೆ. ಬರೀ ಡೈಲಾಕ್ಸನೈಡ್ ತರಿಸಿಕೊಡಿ, ಸಗಟು ಅಂಗಡಿಯವರಿಗೆ ಹೇಳಿದರೆ ಬರುತ್ತದೆ. ಎಲ್ಲಿಯೂ ಸಿಗದಿದ್ದರೆ ಇದೇ ಕೆಲಸಕ್ಕೆ ಪರೋಮೊಮೈಸಿನ್ ಎಂಬ ಇನ್ನೊಂದು ಔಷಧ ಇದೆ, ಆದರೆ ಅದರ ಪ್ರಮಾಣ ರೋಗಿಯ ತೂಕ ನೋಡಿ ವೈದ್ಯರೇ ಬರೆಯಬೇಕು.

ಇನ್ನು 4.5 ಸೆಂಟಿಮೀಟರ್. ಸೋನೋಗ್ರಾಫಿಯಲ್ಲಿ ಗೂಡು ಕಾಣುವುದು ತಿಂಗಳುಗಟ್ಟಲೆ ಮುಂದುವರಿಯುತ್ತದೆ. ಆರು ತಿಂಗಳು, ಕೆಲವರಲ್ಲಿ ಒಂದು ವರ್ಷ. ಒಳಗಿನ ಅಮೀಬಾ ಸತ್ತ ಮೇಲೂ ಲಿವರ್ ಆ ಜಾಗ ತುಂಬಿಕೊಳ್ಳಲು ಅಷ್ಟು ಸಮಯ ತೆಗೆದುಕೊಳ್ಳುತ್ತದೆ. ಗುಣವಾಗುತ್ತಿದೆಯೇ ಎಂಬುದನ್ನು ನಾನು ಅಳತೆಯಲ್ಲಿ ನೋಡುವುದಿಲ್ಲ. ಜ್ವರ ಬಿಟ್ಟಿದೆಯೇ, ಪಕ್ಕೆಲುಬಿನ ಸಂದಿಯಲ್ಲಿ ಒತ್ತಿದರೆ ನೋವು ಹೋಗಿದೆಯೇ, ಊಟ ಸೇರುತ್ತಿದೆಯೇ, ಬಿಳಿ ರಕ್ತಕಣ ಇಳಿದಿವೆಯೇ ಎಂದು ನೋಡುತ್ತೇನೆ. ಅವೆಲ್ಲ ಸರಿಯಿದ್ದರೆ ಬರೀ ಅಳತೆ ನೋಡಿ ಮೆಟ್ರೊನಿಡಜೋಲ್ ಮತ್ತೆ ಕೊಡುವುದಿಲ್ಲ. ಅದನ್ನು ಮೇಲಿಂದ ಮೇಲೆ ಕೊಟ್ಟವರಿಗೆ ಕೈಕಾಲು ಜೋಮು ಹಿಡಿದು, ಅಂಗಾಲು ಉರಿದು, ತಿಂಗಳಾದರೂ ಹೋಗದೆ ಇದ್ದುದನ್ನು ನೋಡಿದ್ದೇನೆ.

ಆದರೆ ಜ್ವರ ಮರಳಿ ಬಂದರೆ, ನೋವು ಹೆಚ್ಚಾದರೆ, ಒಣ ಕೆಮ್ಮು ಅಥವಾ ಉಸಿರಾಟದ ತೊಂದರೆ ಶುರುವಾದರೆ, ಕಂದು ಬಣ್ಣದ ಕಫ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹುಕ್ಕೇರಿ ಸರ್

ನನ್ನ ತಮ್ಮನಿಗೆ 6 ಸೆಂಟಿಮೀಟರ್ ಇತ್ತು, ಸೂಜಿ ಹಾಕದೆ ಔಷಧದಿಂದಲೇ ಹೋಯಿತು. ಇಲ್ಲಿ 7ಕ್ಕೆ ಸೂಜಿ ಹಾಕಿದ್ದು ಬೇಕಿತ್ತೇ? ದುಡ್ಡಿಗಾಗಿ ಮಾಡಿರಬಹುದು ಎಂದು ನನ್ನ ಅನುಮಾನ.

ವಿಜಯಪುರ ವೈದ್ಯ

ಸರ್, ಹಾಗೆ ಹೇಳಲಾರೆ. ಇದರಲ್ಲಿ ವೈದ್ಯರ ನಡುವೆಯೇ ಒಮ್ಮತವಿಲ್ಲ. ಕೆಲವರು 5 ಸೆಂಟಿಮೀಟರ್ ದಾಟಿದರೆ ತೆಗೆಯುತ್ತಾರೆ, ಕೆಲವರು 10 ದಾಟುವವರೆಗೆ ಕಾಯುತ್ತಾರೆ. ಎಡಭಾಗದಲ್ಲಿದ್ದರೆ, ಒಡೆಯುವಂತೆ ತೆಳುವಾಗಿದ್ದರೆ, ಔಷಧ ಶುರುವಾಗಿ ಮೂರರಿಂದ ಐದು ದಿನವಾದರೂ ಜ್ವರ ಇಳಿಯದಿದ್ದರೆ ತೆಗೆಯಬೇಕು ಎಂಬುದರಲ್ಲಿ ಮಾತ್ರ ಹೆಚ್ಚಿನವರು ಒಪ್ಪುತ್ತಾರೆ. ಬ್ಯಾಕ್ಟೀರಿಯಾದ ಕೀವೇ ಎಂಬ ಸಂಶಯವಿದ್ದರೂ ಸೂಜಿ ಹಾಕಿ ನೋಡುವುದುಂಟು. ಇವರ ರೋಗಿ 12 ದಿನ ಜ್ವರದಲ್ಲಿದ್ದು, ಐದು ದಿನ ಬೇರೆ ಇಂಜೆಕ್ಷನ್ ತೆಗೆದುಕೊಂಡು ಬಂದವರು. ನಾನಿದ್ದರೆ ಎರಡು ದಿನ ಕಾಯುತ್ತಿದ್ದೆನೇನೋ. ತೆಗೆದವರು ತಪ್ಪು ಮಾಡಿದರು ಎನ್ನಲು ನನಗೆ ಆಧಾರವಿಲ್ಲ.

ಘಟಪ್ರಭಾ ದಂಡಿ

ಅಣ್ಣಗ ಖಾನಾಪುರ ಅಕ್ಕಾರು ಬರದಿದ್ದು ಓದಿ ಹೇಳಿದೆ. ಭಾಳ ಹೊತ್ತು ಸುಮ್ನ ಕುಂತ. ಆಮ್ಯಾಲೆ ತಾನ ಬಾಗಲಕೋಟಿಗೆ ಫೋನ್ ಹಚ್ಚಿದ. ನವನಗರದಾಗ ಒಂದ ಅಂಗಡ್ಯಾಗ ಸಿಕ್ತು, ನಿನ್ನೆ ರಾತ್ರಿಯಿಂದ ಸುರು ಆಗೇತಿ. ಜ್ವರ ಇಲ್ಲ, ಒತ್ತಿದ್ರ ನೋವಿಲ್ಲ, ಬಿಳಿ ಕಣ 8,600ಕ್ಕ ಇಳದಾವು. ಹೊಟ್ಟಿ ಉಬ್ಬಿ ಗ್ಯಾಸ್ ಭಾಳ ಆಗಾಕತ್ತೇತಿ, ಅದು ಗುಳಿಗಿದ ಏನ್ರೀ?

ಇನ್ನೊಂದು ಮಾತು ಮುಚ್ಚಿಟ್ಟಿದ್ದೆ. ಅಣ್ಣ ಹಂಗಾಮಿನ್ಯಾಗ ದಿನಾ ಕುಡೀತಿದ್ದ. ಈಗ ಬಿಟ್ಟಾನ, ಆದ್ರ ಗೆಳ್ಯಾರು ಕರ್ಯಾಕತ್ತಾರ.

ವಿಜಯಪುರ ವೈದ್ಯ

ಹೌದು, ಗ್ಯಾಸ್ ಡೈಲಾಕ್ಸನೈಡ್‌ದೇ. ಅದರಲ್ಲಿ ಹೆಚ್ಚಾಗಿ ಕಾಣುವ ತೊಂದರೆ ಅದು, ಗುಳಿಗೆ ನಿಲ್ಲಿಸುವಂಥದ್ದಲ್ಲ. ಕುಡಿತದ ಮಾತು ಹೇಳಿದ್ದು ಒಳ್ಳೆಯದು. ಈ ಕಾಯಿಲೆ ಹೆಂಗಸರಿಗಿಂತ ಗಂಡಸರಿಗೆ ಏಳರಿಂದ ಹನ್ನೆರಡು ಪಟ್ಟು ಹೆಚ್ಚು, ಅವರಲ್ಲೂ ಕುಡಿಯುವವರೇ ಬಹಳ. ಮೆಟ್ರೊನಿಡಜೋಲ್ ಇರುವಾಗ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಬಹುದು ಎಂದು ಎಲ್ಲರಿಗೂ ಎಚ್ಚರಿಸುತ್ತೇವೆ. ಅವರಿಗೆ ಆ ಗುಳಿಗೆ ಮುಗಿದು ದಿನಗಳಾಗಿವೆ, ಆ ಭಯ ಈಗಿಲ್ಲ. ಆದರೆ ಲಿವರ್‌ನಲ್ಲಿ 4.5 ಸೆಂಟಿಮೀಟರ್ ಗಾಯ ಮಾಯುತ್ತಿದೆ. ಅದು ತುಂಬುವವರೆಗೆ ಒಂದು ಹನಿಯೂ ಬೇಡ ಎಂದು ನನ್ನ ಹೆಸರು ಹೇಳಿ ತಡೆಯಿರಿ.

ಘಟಪ್ರಭಾ ದಂಡಿ

ಹೂನ್ರೀ ಸಾಹೇಬ್ರ. ಮತ್ತ ಒಂದು ಕೇಳೂದೈತಿ. ಭಯಕ್ಕ ಅವ್ವಂದೂ ಸಂಡಾಸ ಪರೀಕ್ಷೆ ಮಾಡಿಸಿದ್ವಿ. 'ಅಮೀಬಾ ಸಿಸ್ಟ್ ಕಂಡಾವು' ಅಂತ ಬರದಾರ. ಅವ್ವಗ ಏನೂ ತ್ರಾಸ ಇಲ್ಲ. ಅಣ್ಣಗ ಆಕಿ ಕೈ ಅಡಗಿಯಿಂದ ಬಂತೇನು ಅಂತ ಮತ್ತ ಅಳಾಕತ್ಯಾಳ.

ಸೂಕ್ಷ್ಮದರ್ಶಕ

ಅವ್ವನಿಗೆ ಹೇಳಿ, ಆ ರಿಪೋರ್ಟ್ ಅಷ್ಟು ಹೇಳೋದಿಲ್ಲ. ಕಾಯಿಲೆ ತರುವ ಅಮೀಬಾದ ಹೆಸರು ಹಿಸ್ಟೊಲಿಟಿಕಾ. ಡಿಸ್ಪಾರ್ ಅಂತ ಇನ್ನೊಂದಿದೆ, ಅದು ಕರುಳಿನಲ್ಲಿ ಸುಮ್ಮನೆ ಇದ್ದು ಹೋಗುತ್ತೆ, ಏನೂ ಮಾಡೋದಿಲ್ಲ. ಎರಡರ ಸಿಸ್ಟ್ ನನ್ನ ಸೂಕ್ಷ್ಮದರ್ಶಕದಲ್ಲಿ ಒಂದೇ ಥರ. ಅದೇ ಗಾತ್ರ, ಅದೇ ನಾಲ್ಕು ಕೇಂದ್ರ. ಬ್ರುಂಪ್ಟ್ ಅನ್ನುವ ಫ್ರೆಂಚ್ ವಿಜ್ಞಾನಿ ಇವು ಎರಡು ಬೇರೆ ಅಂತ 1925ರಲ್ಲೇ ಹೇಳಿದ್ದ, ಜನ ಒಪ್ಪಿದ್ದು 1993ರಲ್ಲಿ. ನಾನೂ ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಲ್ಲದಕ್ಕೂ ಹಿಸ್ಟೊಲಿಟಿಕಾ ಅಂತ ಬರೆದು ಕೊಟ್ಟಿದೀನಿ. ಅದರಲ್ಲಿ ಎಷ್ಟು ಜನ ಬೇಡದ ಔಷಧ ನುಂಗಿದ್ರೋ, ಈಗಲೂ ನೆನಸ್ಕೊಂಡ್ರೆ ಬೇಜಾರಾಗುತ್ತೆ.

ಓಡಾಡುವ ಅಮೀಬಾ ಹೊಟ್ಟೆಯಲ್ಲಿ ಕೆಂಪು ರಕ್ತಕಣ ನುಂಗಿಕೊಂಡಿದ್ರೆ ಮಾತ್ರ ಕಣ್ಣಲ್ಲಿ ನೋಡಿ 'ಇದು ಆ ಕೆಟ್ಟದ್ದೇ' ಅನ್ನಬಹುದು. ಸಿಸ್ಟ್‌ನಲ್ಲಿ ಹಾಗೆ ಹೇಳೋಕಾಗಲ್ಲ. ಹಿಸ್ಟೊಲಿಟಿಕಾ ಒಂದನ್ನೇ ಗುರುತಿಸುವ ಮಲದ ಆಂಟಿಜೆನ್ ಪರೀಕ್ಷೆ ಅಥವಾ ಪಿಸಿಆರ್ ಬೇಕು, ದೊಡ್ಡ ಲ್ಯಾಬ್‌ಗಳಲ್ಲಿ ವಿಚಾರಿಸಿ. ಸ್ಯಾಂಪಲ್‌ಗೆ ಮೂತ್ರ, ನೀರು ತಾಗಬಾರದು.

ವಿಜಯಪುರ ವೈದ್ಯ

ಅದರಲ್ಲಿ ಹಿಸ್ಟೊಲಿಟಿಕಾ ಎಂದು ಬಂದರೆ ಅಮ್ಮನಿಗೆ ತೊಂದರೆ ಇಲ್ಲದಿದ್ದರೂ ಡೈಲಾಕ್ಸನೈಡ್ ಒಂದೇ ಸಾಕು, ಮೆಟ್ರೊನಿಡಜೋಲ್ ಬೇಡ. ಪರೀಕ್ಷೆ ಮಾಡಿಸಲು ಆಗದಿದ್ದರೆ ಏನು ಮಾಡಬೇಕು ಎಂಬುದು ಕಷ್ಟದ ಪ್ರಶ್ನೆ. ಪುಸ್ತಕದ ಪ್ರಕಾರ ಬರೀ ಸಿಸ್ಟ್ ನೋಡಿ ಔಷಧ ಕೊಡಬಾರದು. ಆದರೆ ಅದೇ ಮನೆಯಲ್ಲಿ ಲಿವರ್ ಕೀವಿನ ರೋಗಿ ಇದ್ದಾಗ, ಅಡುಗೆ ಮಾಡುವವರು ಅವರೇ ಆದಾಗ, ನಾನು ಒಂದೆರಡು ಸಲ ಕೊಟ್ಟಿದ್ದೇನೆ. ನಿಮ್ಮ ವೈದ್ಯರು ನೋಡಿ ತೀರ್ಮಾನಿಸಲಿ.

ಖಾನಾಪುರದ ಸೊಸೆ

ನೀರು ಕುದಿಸಿ ಕುಡಿಯಿರಿ, ತಮ್ಮಾ. ನಲ್ಲಿ ನೀರಿಗೆ ಹಾಕುವ ಕ್ಲೋರಿನ್‌ಗೆ ಇದರ ಸಿಸ್ಟ್ ಸಾಯುವುದಿಲ್ಲ ಎಂದು ನಮಗೆ ಎರಡನೇ ಸಲ ಹೇಳಿದರು. ಮೊದಲ ಸಲ ನಾವು 'ನಲ್ಲಿ ನೀರಲ್ಲವೇ' ಎಂದು ಹಾಗೇ ಕುಡಿಯುತ್ತಿದ್ದೆವು.

ಮೆಡಿಕಲ್ ಶಾಪ್ 22 ವರ್ಷ

ಡೈಲಾಕ್ಸನೈಡ್ ಹತ್ತು ಪಟ್ಟಿ ತರಿಸೀನಿ. ಜಮಖಂಡಿ, ಮುಧೋಳ ಕಡೆಯವರಿಗೆ ಬೇಕಾದ್ರ ಡಾಕ್ಟರ್ ಚೀಟಿ ತಗೊಂಡು ಬರ್ರಿ.

ಘಟಪ್ರಭಾ ದಂಡಿ

ಹನ್ನೊಂದನೇ ಗುಳಿಗಿ ಆತ್ರೀ. ಅವ್ವ ಪಟ್ಟಿ ಮ್ಯಾಲೆ ಪೆನ್ನಿನಿಂದ ತಾರೀಖು ಬರದಿಟ್ಟಾಳ. ಆಕಿ ಸ್ಯಾಂಪಲ್ ನಾಳೆ ಬಾಗಲಕೋಟಿಗೆ ಒಯ್ತೀನಿ, ಆಂಟಿಜೆನ್ ಮಾಡ್ತಾರಂತ ಒಂದ ಲ್ಯಾಬ್‌ನವರು ಫೋನ್‌ನ್ಯಾಗ ಹೇಳ್ಯಾರ. ಊರಿಂದ ಒಯ್ಯೂದು ಬ್ಯಾಡಂತ ಅಲ್ಲೇ ನಮ್ಮ ಮಾವನ ಮನ್ಯಾಗ ವಸ್ತಿ ಮಾಡಿ ಮುಂಜಾನೆ ಕೊಡಾವ್ರು. ರಿಪೋರ್ಟ್ ಬಂದ ಮ್ಯಾಲೆ ಇಲ್ಲೇ ಹಾಕ್ತೀನಿ.